18ರ ಪ್ಲೈಗೆ 19ರ ಬಿಟ್ ಹೊಂದೋದಿಲ್ಲ: ಶೆಲ್ಫಿಗೆ ಬಿಗಿಯಾದ ಗ್ರೂವ್ ತೆಗೆಯುವ ಬಗೆ

ಪ್ರಶ್ನೆ: ಸರ್, ನಮಸ್ಕಾರ್ರೀ. ನಮ್ಮೂರು ಜಮಖಂಡಿ. ಮನೀಗೆ ಒಂದು ಪುಸ್ತಕದ ಕಪಾಟು ಮಾಡಾಕತ್ತೀನಿ. 18 ಎಂಎಂ ಪ್ಲೈವುಡ್, ಎತ್ತರ 1800, ಅಗಲ 800, ಆಳ 300. ನಾಲ್ಕು ಫಿಕ್ಸ್ ಶೆಲ್ಫ್. ಸೈಡಿನ್ಯಾಗ ಗ್ರೂವ್ ಹೊಡದು ಶೆಲ್ಫ್ ಕೂಡಸಬೇಕಂತ ರೌಟರ್ ತಗೊಂಡೆ. 19ರ ಬಿಟ್ ಹಾಕಿ ಒಂದು ಸೈಡ್ ಹೊಡದೆ, ಶೆಲ್ಫ್ ಗಡಗಡ ಅಲಗಾಡತೈತಿ. ಪಟ್ಟಿ ಕಟ್ಟಿ ಹೊಡದ್ರೂ ಒಂದು ಗ್ರೂವ್ ನಡುವ ಸೊಟ್ಟ ಬಂದೈತಿ, ತುದೀಗೆ ಪದರ ಕಿತ್ತೈತಿ. ಸನ್‌ಮೈಕಾ ಮೊದಲ ಹಚ್ಚಬೇಕೋ ಆಮ್ಯಾಲೋ? ಈ ಕೆಟ್ಟ ಸೈಡಿಗೆ ಏನರ ದಾರಿ ಐತೇನ್ರೀ?

ಉತ್ತರ: ನಮಸ್ಕಾರ್ರೀ. ಮೊದಲು ಒಂದು ಕೆಲಸ ಮಾಡಿ. ವರ್ನಿಯರ್ ತಗೊಂಡು ನಿಮ್ಮ ಶೆಲ್ಫ್ ಹಲಗೆಗಳ ದಪ್ಪವನ್ನು ಎರಡೂ ತುದಿಗಳಲ್ಲಿ ಅಳೆಯಿರಿ. ಬಿಲ್ಲಿನಲ್ಲಿ 18 ಅಂತ ಇರುತ್ತದೆ, ವರ್ನಿಯರ್ ಬಹುತೇಕ 18 ಹೇಳುವುದಿಲ್ಲ. 17.2 ಬರಬಹುದು, 17.6 ಬರಬಹುದು. ಒಂದೇ ಶೀಟಿನ ಈ ಮೂಲೆಗೂ ಆ ಮೂಲೆಗೂ ಒಂದೆರಡು ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗೆ ಆನಿಸಿಟ್ಟ ಶೀಟು ತೇವ ಹೀರಿ ತುಸು ಉಬ್ಬುತ್ತದೆ, ನಿಮ್ಮ ಕಡೆಯ ಬಿಸಿಲಿಗೆ ಬಂದರೆ ಮತ್ತೆ ಇಳಿಯುತ್ತದೆ. ಹೀಗಾಗಿ ಪ್ಲೈವುಡ್‌ನ ದಪ್ಪಕ್ಕೆ ಸರಿಯಾಗಿ ಕೂಡುವ ರೆಡಿಮೇಡ್ ಬಿಟ್ ಹುಡುಕುತ್ತಾ ಹೋಗುವುದು ದಂಡ. 19ರ ಬಿಟ್‌ನಿಂದ ತೆಗೆದ ಗ್ರೂವಿನಲ್ಲಿ 17.3ರ ಹಲಗೆ ಇಟ್ಟರೆ 1.7 ಎಂಎಂ ಜಾಗ ಖಾಲಿ ಉಳಿಯುತ್ತದೆ. ಅಷ್ಟು ಸಂದನ್ನು ಅಂಟು ತುಂಬಬಹುದು, ಆದರೆ ಹಿಡಿಯಲಾರದು.

ನನ್ನ ಸಲಹೆ ಇಷ್ಟು: 19ರ ಬಿಟ್ ಎತ್ತಿಟ್ಟುಬಿಡಿ. 12 ಎಂಎಂನ ಕಾರ್ಬೈಡ್ ಸ್ಟ್ರೇಟ್ ಬಿಟ್ ಹಾಕಿ, ಒಂದೇ ಗೈಡ್ ಪಟ್ಟಿಗೆ ಆನಿಸಿ ಎರಡು ಸಾರಿ ಓಡಿಸಿ, ಶೆಲ್ಫಿನ ದಪ್ಪಕ್ಕೆ ತಕ್ಕಷ್ಟು ಅಗಲ ಮಾಡಿಕೊಳ್ಳಿ. ಎರಡು ಓಟಗಳ ನಡುವೆ ಗೈಡ್ ಅಲುಗಿಸಬಾರದು. ಗೈಡಿಗೂ ರೌಟರ್ ಬೇಸಿಗೂ ನಡುವೆ ಒಂದು ತೆಳು ಪಟ್ಟಿ ಇಟ್ಟು ಒಂದು ಓಟ, ಅದನ್ನು ತೆಗೆದು ಇನ್ನೊಂದು ಓಟ. ಆ ಪಟ್ಟಿಯ ದಪ್ಪವೇ ಇಡೀ ಕೆಲಸದ ಕೀಲಿ.

ಲೆಕ್ಕ ನೋಡಿ. ನಿಮ್ಮ ಶೆಲ್ಫ್ ತುದಿಗಳಲ್ಲಿ ಎಲ್ಲಕ್ಕಿಂತ ದಪ್ಪ ಇರುವುದು 17.4 ಅಂತ ಇಟ್ಟುಕೊಳ್ಳೋಣ. ಅಂಟಿಗೆ ಮತ್ತು ಕೂಡಿಸುವ ಸಲೀಸಿಗೆ 0.1 ಸೇರಿಸಿ, ಅಂದರೆ ಗ್ರೂವ್ 17.5 ಬೇಕು. ಈಗ ಬಿಟ್. ಮೇಲೆ 12 ಅಂತ ಬರೆದಿದ್ದರೂ ಅದನ್ನು ನಂಬಬೇಡಿ, ಒಂದು ತುಂಡಿನ ಮೇಲೆ ಓಡಿಸಿ ಗ್ರೂವನ್ನೇ ಅಳೆಯಿರಿ. ತಿರುಗುವಾಗ ಬಿಟ್ ತುಸು ಅಳ್ಳಾಡುವುದರಿಂದ 12.1 ಬಂದಿತು ಎನ್ನಿ. 17.5ರಲ್ಲಿ 12.1 ಕಳೆದರೆ 5.4. ಇದೇ ನಿಮ್ಮ ಪಟ್ಟಿಯ ದಪ್ಪ. ಇಂಥ ಅಳತೆಯ ಪಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ, ಕಪಾಟಿನ ಹಿಂಬದಿಗೆ ಹಾಕುವ 4ರ ಪ್ಲೈ ಮತ್ತು ಸನ್‌ಮೈಕಾ ಚೂರುಗಳಿಂದ ನೀವೇ ಕಟ್ಟಿಕೊಳ್ಳಬೇಕು. 4ರ ಪ್ಲೈ ಅಳೆದರೆ 3.6 ಇದ್ದರೆ, ಅದಕ್ಕೆ 1 ಎಂಎಂನದೊಂದು, 0.8ರದೊಂದು ಸನ್‌ಮೈಕಾ ಪಟ್ಟಿ ಅಂಟಿಸಿದಾಗ 5.4 ಆಯಿತು. ಅಂಟು ಒಣಗಿದ ಮೇಲೆ ಮತ್ತೆ ಅಳೆಯಿರಿ. ತುಸು ಕಡಿಮೆ ಬಿದ್ದರೆ ಮಾಸ್ಕಿಂಗ್ ಟೇಪಿನ ಒಂದು ಪದರ ಸುತ್ತಿದರೆ ಸಾಕು, ಹೆಚ್ಚಾದರೆ ಸ್ಯಾಂಡ್‌ಪೇಪರ್ ಇದ್ದೇ ಇದೆ. ಪಟ್ಟಿ ಗೈಡಿನಷ್ಟೇ ಉದ್ದ ಇರಲಿ, ಎತ್ತರ 20 ಎಂಎಂ ಸಾಕು. ಗೈಡಿನ ಮಗ್ಗುಲಿಗೆ ಇದನ್ನು ನಿಲ್ಲಿಸಿ, ಮೇಲಿನಿಂದ ಅಲ್ಲಲ್ಲಿ ಟೇಪ್ ಹೊದಿಸಿ ಹಿಡಿಸಿ. ನಡುವೆ ಡಬಲ್ ಟೇಪ್ ಹಾಕಬೇಡಿ, ಅದರ ದಪ್ಪವೂ ಲೆಕ್ಕಕ್ಕೆ ಬರುತ್ತದೆ, ಒತ್ತಿದಂತೆ ಕುಗ್ಗುತ್ತದೆ ಕೂಡ.

ಗೈಡಿಗೆ ನಾನು ಹೇಳುವುದು ಕಿಟಕಿ ಮಾಡುವವರ ಹತ್ತಿರ ಸಿಗುವ ಅಲ್ಯೂಮಿನಿಯಂ ಸೆಕ್ಷನ್, 50 × 25ರದು, ಒಂದು ಮೀಟರ್ ಉದ್ದ. ಅಡ್ಡ ಮಲಗಿಸಿ ಕ್ಲಾಂಪ್ ಮಾಡಿದರೆ ನಡುವೆ ಬಾಗುವುದಿಲ್ಲ. ನೆಟ್ಟಗಿದೆಯೇ ಅಂತ ನೋಡಲು ಹಲಗೆಯ ಮೇಲಿಟ್ಟು ಅಂಚಿನುದ್ದಕ್ಕೂ ಸಣ್ಣ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಅದೇ ಅಂಚನ್ನು ಮಗುಚಿ ಗೆರೆಯ ಆಚೆ ಕಡೆಯಿಂದ ಕೂಡಿಸಿ ಮತ್ತೆ ಎಳೆಯಿರಿ. ಎರಡು ಗೆರೆ ಒಂದಾದರೆ ಪಟ್ಟಿ ನೆಟ್ಟಗೆ. ನಡುವೆ ಬಾಯಿ ಬಿಟ್ಟರೆ ಬೇರೆ ತನ್ನಿ. ತೆಳು ಕಟ್ಟಿಗೆ ಬೀಡಿಂಗ್ ಕಟ್ಟಿ ಹೊಡೆದರೆ ಎರಡು ತುದಿ ಮಾತ್ರ ಗಟ್ಟಿ, ನಡುವೆ ರೌಟರ್ ಒತ್ತಿದ ಕಡೆಗೆ ಸರಿಯುತ್ತದೆ. ನಿಮ್ಮ ಗ್ರೂವ್ ನಡುವೆ ಸೊಟ್ಟ ಬಂದದ್ದಕ್ಕೆ ಇದು ಒಂದು ಕಾರಣ ಇರಬಹುದು.

ಆದರೆ ಇದಕ್ಕಿಂತ ಹೆಚ್ಚಾಗಿ ನಾನು ಅನುಮಾನ ಪಡುವುದು ಓಡಿಸಿದ ದಿಕ್ಕನ್ನು. ರೌಟರ್ ಬಿಟ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ನೀವು ರೌಟರನ್ನು ಮುಂದಕ್ಕೆ ತಳ್ಳುವಾಗ ಬಿಟ್‌ನ ಮುಂಭಾಗ ಕಟ್ಟಿಗೆಯನ್ನು ಬಲಕ್ಕೆ ಕೊರೆಯುತ್ತದೆ, ಅದಕ್ಕೆ ಎದುರಾಗಿ ರೌಟರ್ ಎಡಕ್ಕೆ ಸರಿಯಲು ನೋಡುತ್ತದೆ. ಗೈಡ್ ಎಡಗಡೆ ಇದ್ದರೆ ಮಷೀನು ತಾನಾಗಿ ಅದಕ್ಕೆ ಒತ್ತಿಕೊಂಡು ಹೋಗುತ್ತದೆ, ನಿಮ್ಮ ಕೈಗೆ ಕೆಲಸ ಹಗುರ. ಗೈಡ್ ಬಲಗಡೆ ಇದ್ದರೆ ಅದು ಗೈಡ್ ಬಿಟ್ಟು ಓಡುತ್ತಲೇ ಇರುತ್ತದೆ, ನೀವು ಒತ್ತಿ ಹಿಡಿದಿರಬೇಕು. ನಡುವೆ ಹಿಡಿತ ತುಸು ಸಡಿಲಾದರೂ ಗ್ರೂವ್ ಅಲ್ಲೇ ಹೊಟ್ಟೆ ಬಿಡುತ್ತದೆ. ಆದ್ದರಿಂದ ತಳ್ಳುವಾಗ ಗೈಡ್ ಯಾವಾಗಲೂ ಎಡಕ್ಕೆ.

ಎರಡು ಓಟಗಳಲ್ಲಿ ಯಾವುದು ಮೊದಲು ಅನ್ನುವುದಕ್ಕೂ ಈ ತಿರುಗುವಿಕೆಯೇ ಉತ್ತರ. ಪಟ್ಟಿ ಇಟ್ಟುಕೊಂಡು ಓಡಿಸುವುದು ಮೊದಲು, ಪಟ್ಟಿ ತೆಗೆದು ಓಡಿಸುವುದು ಆಮೇಲೆ. ಹೀಗೆ ಮಾಡಿದರೆ ಮೊದಲ ಓಟದಲ್ಲಿ ಗ್ರೂವಿನ ಬಲ ಗೋಡೆ ಆಗುತ್ತದೆ, ಎರಡನೆಯದರಲ್ಲಿ ಎಡಗಡೆ ಉಳಿದ 5.4 ಎಂಎಂ ಅಷ್ಟೇ ಕೊರೆಯಬೇಕಾಗುತ್ತದೆ. ಎಡದ ಕಟ್ಟಿಗೆಯನ್ನು ಕೊರೆಯುವಾಗ ಬಿಟ್ ಕೈಗೆ ಎದುರು ನಿಂತು ನಿಧಾನವಾಗಿ, ಗೈಡಿಗೆ ಎಳೆದುಕೊಂಡು ಹೋಗುತ್ತದೆ. ಅಕಸ್ಮಾತ್ ಸ್ವಲ್ಪ ಬಲಕ್ಕೆ ಜರುಗಿದರೂ ಅಲ್ಲಿ ಈಗಾಗಲೇ ಖಾಲಿ ಇರುವುದರಿಂದ ಏನೂ ಕೆಡುವುದಿಲ್ಲ, ಮತ್ತೊಮ್ಮೆ ಓಡಿಸಿದರೆ ಸರಿಹೋಗುತ್ತದೆ. ಉಲ್ಟಾ ಮಾಡಿದರೆ ಎರಡನೆಯ ಓಟದಲ್ಲಿ ಬಿಟ್ ಬಲದ ಕಟ್ಟಿಗೆಯನ್ನು ಕಚ್ಚಿಕೊಂಡು ರೌಟರನ್ನು ಮುಂದಕ್ಕೆ ಎಳೆದೊಯ್ಯುತ್ತದೆ. ಹೊಸಬರ ಕೈಯಿಂದ ಮಷೀನು ಜಿಗಿಯುವುದು ಇಂಥ ಹೊತ್ತಿನಲ್ಲೇ.

ಇನ್ನು ಗೈಡನ್ನು ಗೆರೆಯಿಂದ ಎಷ್ಟು ದೂರ ಕಟ್ಟಬೇಕು? ಬೇಸಿನ ಅರ್ಧ ಅಗಲದಲ್ಲಿ ಬಿಟ್‌ನ ಅರ್ಧ ಕಳೆದರೆ ಆ ದೂರ ಸಿಗುತ್ತದೆ, 150ರ ಬೇಸ್ ಇದ್ದರೆ 75ರಲ್ಲಿ 6 ಹೋಗಿ 69. ಕಾಗದದ ಮೇಲೆ ಸರಿ, ಕೆಲಸದಲ್ಲಿ ಪ್ರತಿ ಸಾರಿ ಟೇಪ್ ಹಿಡಿದು 69 ಹುಡುಕುತ್ತಾ ಕೂತರೆ ಎಂಟು ಗ್ರೂವಿಗೆ ಎಂಟು ಬಗೆಯ ದೂರ ಬರುತ್ತದೆ. ಅಳೆಯುವುದನ್ನೇ ಬಿಡಿ. ವೇಸ್ಟ್ ಹಲಗೆಯ ಮೇಲೆ ಗೈಡ್ ಕ್ಲಾಂಪ್ ಮಾಡಿ, 6ರ ಪ್ಲೈಯ ಒಂದು ತುಂಡನ್ನು ಅದರ ನೇರ ಅಂಚು ಗೈಡಿಗೆ ತಾಗುವಂತೆ ಇಟ್ಟು ಎರಡು ಸಣ್ಣ ಮೊಳೆ ಹೊಡೆಯಿರಿ, ಮೊಳೆ ಬಿಟ್‌ನ ದಾರಿಗೆ ಬರಬಾರದು, ತಲೆ ಪ್ಲೈಯಲ್ಲಿ ಮುಳುಗಿರಬೇಕು. ಆ ತುಂಡಿನ ಮೇಲೆ ರೌಟರ್ ಇಟ್ಟು, ನಡುವೆ ಪಟ್ಟಿ ಇಲ್ಲದೆ, ಪ್ಲೈ ಪೂರ್ತಿ ತುಂಡಾಗುವಂತೆ ಓಡಿಸಿ. ಗೈಡಿನ ಕಡೆ ಉಳಿದ ತುಂಡಿನ ಅಗಲವೇ ನಿಮ್ಮ ರೌಟರು, ನಿಮ್ಮ ಬಿಟ್ಟು ಸೇರಿ ಕೊಟ್ಟ ದೂರ. ಇನ್ನು ಮೇಲೆ ಈ ತುಂಡಿನ ಕೊರೆದ ಅಂಚನ್ನು ಗೆರೆಗೆ ಕೂಡಿಸಿ, ಹಿಂದಿನ ಅಂಚಿಗೆ ಗೈಡ್ ತಾಗಿಸಿ ಕ್ಲಾಂಪ್ ಬಿಗಿದು, ತುಂಡನ್ನು ತೆಗೆದುಬಿಡಿ. ಬಿಟ್ ಬದಲಿಸಿದರೆ ಮಾತ್ರ ಹೊಸ ತುಂಡು ಬೇಕು.

ಒಂದು ಎಚ್ಚರ: ರೌಟರ್ ಬೇಸ್ ದುಂಡಗಿದ್ದರೂ ಬಿಟ್ ಅದರ ನಟ್ಟನಡುವೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಓಡಿಸುತ್ತಾ ಕೈ ತಿರುವಿದರೆ ಬೇಸಿನ ಬೇರೆ ಬೇರೆ ಭಾಗ ಗೈಡಿಗೆ ತಾಗಿ ಗ್ರೂವ್ ಅಲೆ ಅಲೆಯಾಗುತ್ತದೆ. ಬೇಸಿನ ಮೇಲೆ ಒಂದು ಕಡೆ ಬಣ್ಣದ ಗುರುತು ಹಾಕಿ, ಆರಂಭದಿಂದ ಕೊನೆಯವರೆಗೂ ಅದೇ ಗುರುತು ಗೈಡಿಗೆ ತಾಗಿರಲಿ. ಬೇಸಿಗೆ ಚಪ್ಪಟೆ ಮಗ್ಗುಲು ಇದ್ದರೆ ಅದನ್ನೇ ಆನಿಸಿ.

ಈಗ ಸೈಡುಗಳನ್ನು ಮಲಗಿಸುವ ವಿಚಾರ. ನೀವು ಒಂದೊಂದೇ ಸೈಡ್ ಹೊಡೆದಿದ್ದೀರಿ. ಎರಡನ್ನೂ ಒಟ್ಟಿಗೆ ಹೊಡೆಯಿರಿ. ಒಳಮುಖ ಮೇಲೆ ಬರುವಂತೆ, ಮುಂದಿನ ಅಂಚಿಗೆ ಮುಂದಿನ ಅಂಚು ತಾಗುವಂತೆ ಎರಡೂ ಸೈಡ್ ಪಕ್ಕಪಕ್ಕ ಮಲಗಿಸಿ, ಕಾಲಿನ ತುದಿಗಳು ನಿಮ್ಮ ಎಡಗೈ ಕಡೆ ಇರಲಿ, ಎರಡನ್ನೂ ಒಂದೇ ನೇರ ಪಟ್ಟಿಗೆ ಒತ್ತಿ ಸಮ ಮಾಡಿ. 300 ಮತ್ತು 300 ಸೇರಿ 600 ಆಯಿತು, ಒಂದು ಮೀಟರಿನ ಗೈಡ್ ಎರಡೂ ಕಡೆ 200 ಹೊರಗೆ ಚಾಚುತ್ತದೆ, ರೌಟರ್ ಹಲಗೆಗೆ ಇಳಿಯುವ ಮೊದಲೇ ಗೈಡಿಗೆ ಆನಿಕೊಳ್ಳಲು ಅಷ್ಟು ಬೇಕು. ಪ್ರತಿ ಶೆಲ್ಫಿಗೆ ಗೆರೆ ಒಂದೇ, ಶೆಲ್ಫಿನ ಕೆಳಮೈ ಬರುವಲ್ಲಿ. ಗೈಡ್ ಆ ಗೆರೆಯಿಂದ ಕಾಲಿನ ಕಡೆಗೆ. ಹೀಗಿದ್ದಾಗ ಭಾರ ಹೊರುವ ಕೆಳಗೋಡೆ ನಿಮ್ಮ ಗೆರೆಯ ಮೇಲೇ ಬರುತ್ತದೆ, ಹೆಚ್ಚು ಕಡಿಮೆ ಏನಿದ್ದರೂ ಮೇಲಿನ ಗೋಡೆಗೆ ಹೋಗುತ್ತದೆ.

ಮುಂದಿನ ಅಂಚುಗಳು ಒಂದಕ್ಕೊಂದು ತಾಗಿರುವುದರಿಂದ ಕಣ್ಣಿಗೆ ಬೀಳುವ ಆ ಅಂಚಿನಲ್ಲಿ ಪದರ ಕೀಳುವುದಿಲ್ಲ. ಬಿಟ್ ಹೊರಬೀಳುವಾಗ ಆಸರೆ ಇಲ್ಲದ ನಾರು ಮುರಿದು ಏಳುವುದೇ ಪದರ ಕೀಳಲು ಕಾರಣ, ಇಲ್ಲಿ ಪಕ್ಕದ ಹಲಗೆಯೇ ಆಸರೆ. ಕೊನೆಗೆ ಹೊರಬೀಳುವ ಹಿಂದಿನ ಅಂಚಿಗೆ ಮಾತ್ರ ಒಂದು ವೇಸ್ಟ್ ಪಟ್ಟಿಯನ್ನು ಬಿಗಿಯಾಗಿ ಒತ್ತಿ ಕ್ಲಾಂಪ್ ಮಾಡಿ. ಮೇಲ್ಮೈಯ ವಿನಿಯರ್ ಸಿಬಿರು ಏಳದಿರಲು ಗೆರೆಗಳ ಮೇಲೆ ಚಾಕುವಿನಿಂದ ಗೀರಿಕೊಳ್ಳುವುದು ಒಳ್ಳೆಯದು.

ಓರೆಯ ವಿಚಾರದಲ್ಲಿ ಇಲ್ಲೊಂದು ಮೋಸ ಇದೆ. ಗೈಡ್ ಗುಣ್ಯಾಕ್ಕೆ ತುಸು ತಪ್ಪಿದರೆ ಗ್ರೂವ್ ಎರಡೂ ಸೈಡಿನ ಮೇಲೆ ಒಂದೇ ಓರೆಯಲ್ಲಿ ಹೋಗುತ್ತದೆ, ನೋಡಲು ಚೆಂದವಾಗಿಯೇ ಕಾಣುತ್ತದೆ. ಆದರೆ ಸೈಡುಗಳನ್ನು ಎದುರುಬದುರು ನಿಲ್ಲಿಸಿದಾಗ ಒಂದರ ಹಿಂಬದಿ ಕೆಳಗೆ, ಇನ್ನೊಂದರ ಹಿಂಬದಿ ಮೇಲೆ ಬಂದು ಶೆಲ್ಫ್ ತಿರುಚಿಕೊಳ್ಳುತ್ತದೆ. ಬರೀ ಗುಣ್ಯಾ ಇಟ್ಟು ನೋಡಿದರೆ 600ರ ಉದ್ದದಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ. ಕ್ಲಾಂಪ್ ಬಿಗಿದ ಮೇಲೆ ಕಾಲಿನ ತುದಿಯಿಂದ ಗೈಡಿನವರೆಗೆ ಎರಡೂ ಹಿಂದಿನ ಅಂಚುಗಳಲ್ಲಿ ಟೇಪ್ ಹಿಡಿದು ನೋಡಿ. ಎರಡೂ ಒಂದೇ ಬರಬೇಕು, ಅರ್ಧ ಎಂಎಂ ವ್ಯತ್ಯಾಸ ಬಂದರೂ ಕ್ಲಾಂಪ್ ಸಡಿಲಿಸಿ.

ಆಳ 6 ಎಂಎಂ, ಅಂದರೆ ಹಲಗೆಯ ಮೂರರಲ್ಲೊಂದು. ಇದಕ್ಕಿಂತ ಆಳ ಮಾಡಿದರೆ ಸೈಡ್ ಅಲ್ಲೇ ಬಲ ಕಳೆದುಕೊಳ್ಳುತ್ತದೆ, ಪ್ರಯೋಜನ ಏನೂ ಹೆಚ್ಚುವುದಿಲ್ಲ. ಪಟ್ಟಿ ಇಟ್ಟು ಮೊದಲು 3, ಮತ್ತೆ 6, ಆಮೇಲೆ ಪಟ್ಟಿ ತೆಗೆದು ಒಂದೇ ಸಾರಿ 6. ಒಂದೊಂದು ಗ್ರೂವಿಗೆ ಮೂರು ಓಟ. ಪ್ರತಿ ಓಟದ ನಡುವೆ ಹೊಟ್ಟು ತೆಗೆಯಿರಿ, ಮುಖ್ಯವಾಗಿ ಗೈಡಿನ ಬುಡದ್ದು. ಅಲ್ಲಿ ಒತ್ತಿ ಕೂತ ಹೊಟ್ಟು ರೌಟರನ್ನು ಗೈಡಿನಿಂದ ದೂರ ತಳ್ಳುತ್ತದೆ, ಬೇಸಿನ ಕೆಳಗೆ ಸಿಕ್ಕರೆ ಆಳ ಕಡಿಮೆ ಮಾಡುತ್ತದೆ. ತಳ್ಳುವ ವೇಗವನ್ನು ಕಿವಿ ಮತ್ತು ಮೂಗು ಹೇಳುತ್ತವೆ: ಸುಟ್ಟ ವಾಸನೆ ಬಂದು ಗೋಡೆ ಕಪ್ಪಾದರೆ ತೀರಾ ನಿಧಾನ ಇಲ್ಲವೇ ಬಿಟ್ ಮೊಂಡಾಗಿದೆ, ಮೋಟರಿನ ಸದ್ದು ಕುಗ್ಗಿ ನರಳಿದರೆ ಅವಸರ. ಪ್ಲೈಯ ಅಂಟು ಬಿಟ್‌ನ ಮೊನೆಯನ್ನು ಬೇಗ ತಿನ್ನುತ್ತದೆ, ಕಾರ್ಬೈಡ್ ಅಲ್ಲದ ಬಿಟ್ ಎಂಟು ಗ್ರೂವ್ ತಾಳುವುದು ಕಷ್ಟ. ಕರೆಂಟ್ ಹಾಕುವ ಮೊದಲು ರೌಟರನ್ನು ಈ ತುದಿಯಿಂದ ಆ ತುದಿಗೆ ಖಾಲಿ ಜರುಗಿಸಿ ನೋಡಿ, ಹ್ಯಾಂಡಲ್ ಕ್ಲಾಂಪಿಗೆ ಬಡಿಯುವುದು ಆಗ ಗೊತ್ತಾಗುತ್ತದೆ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಬೇಕು, ಕಣ್ಣಿಗೆ ಕನ್ನಡಕ ಬೇಕು.

ನಿಜವಾದ ಸೈಡಿಗೆ ಹೋಗುವ ಮೊದಲು ಅದೇ ಪ್ಲೈಯ ತುಂಡಿನ ಮೇಲೆ ಪೂರ್ತಿ ಗ್ರೂವ್ ತೆಗೆದು ಶೆಲ್ಫಿನ ದಪ್ಪ ತುದಿಯನ್ನು ಕೂಡಿಸಿ ನೋಡಿ. ಕೈಯಿಂದ ಒತ್ತಿದಾಗ ಹೋಗಬೇಕು, ಎತ್ತಿದರೆ ತುಂಡು ಜಾರಿ ಬೀಳದೆ ಜೋತುಬೀಳಬೇಕು. ಸುತ್ತಿಗೆಯಿಂದ ಬಡಿದು ಕೂಡಿಸುವಷ್ಟು ಬಿಗಿ ಇದ್ದರೆ ಅಂಟು ಹಚ್ಚಿದ ಮೇಲೆ ಕೂಡುವುದೇ ಇಲ್ಲ. ನೀರು ಕುಡಿದ ಪದರ ಉಬ್ಬಿ ನಡುದಾರಿಯಲ್ಲೇ ಹಿಡಿದುಬಿಡುತ್ತದೆ. ಬಿಗಿ ಇದ್ದರೆ ಪಟ್ಟಿಗೆ ಒಂದು ಪದರ ಟೇಪ್, ಸಡಿಲಿದ್ದರೆ ಒಂದು ಪದರ ಕಡಿಮೆ.

ಶೆಲ್ಫಿನ ಉದ್ದದಲ್ಲೂ 18 ಅಂತ ಲೆಕ್ಕ ಹಿಡಿದರೆ ಎಡವುತ್ತೀರಿ. ಹೊರಗಿನ ಅಗಲ 800. ಸೈಡ್ ಅಳತೆ 17.3 ಇದ್ದರೆ ಎರಡು ಸೈಡಿಗೆ 34.6 ಕಳೆದು, ಎರಡು ಗ್ರೂವಿನ 12 ಕೂಡಿಸಿ: 777.4. ಕತ್ತರಿಸುವುದು 777. ಆ ಅರ್ಧ ಎಂಎಂ ಗ್ರೂವಿನ ತಳದಲ್ಲಿ ಅಡಗುತ್ತದೆ. ಉದ್ದ ಹೆಚ್ಚಾದರೆ ಮಾತ್ರ ಸೈಡ್ ನಡುವೆ ಹೊರಗೆ ಉಬ್ಬಿ ಬಾಗಿಲು ಕೂಡುವುದಿಲ್ಲ.

ಸನ್‌ಮೈಕಾ ಬಗ್ಗೆ. ಸೈಡಿನ ಒಳಮುಖಕ್ಕೆ ಮೊದಲು ಹಚ್ಚಿ, ಆಮೇಲೆ ಅದರ ಮೇಲಿಂದಲೇ ಗ್ರೂವ್ ತೆಗೆಯಿರಿ. ಒಳಗಿನದು 0.8ರದಾದರೆ ಆಳ 6.8 ಇಡಿ, ಪ್ಲೈಯಲ್ಲಿ 6 ಉಳಿಯುತ್ತದೆ. ಚಾಕುವಿನ ಗೀರು ಆಗ ಬೇಡ. ಶೆಲ್ಫಿಗೆ ಹಚ್ಚುವಾಗ ಮಾತ್ರ ಎರಡೂ ತುದಿಯಲ್ಲಿ 7 ಎಂಎಂ ಬರಿ ಪ್ಲೈ ಬಿಡಿ. ಸನ್‌ಮೈಕಾ ಹೊದ್ದ ಮೈ ಬಿಳಿ ಅಂಟನ್ನು ಕುಡಿಯುವುದಿಲ್ಲ, ಪೂರ್ತಿ ಹಚ್ಚಿ ತೂರಿಸಿದರೆ ಜೋಡಣೆ ಹೆಸರಿಗಷ್ಟೇ. 1 ಮತ್ತು 0.8 ಎರಡೂ ಮೈಗೆ ಬಿದ್ದರೆ ದಪ್ಪ 19 ದಾಟುವುದರಿಂದ ನಿಮ್ಮ 19ರ ಗ್ರೂವಿನಲ್ಲೂ ಅದು ಹೋಗುವುದಿಲ್ಲ. ಬರಿ ತುದಿ ಒಳಗೆ ಹೋದಾಗ ಶೆಲ್ಫಿನ ಸನ್‌ಮೈಕಾ ಗ್ರೂವಿನ ಎರಡೂ ಬಾಯಿಯನ್ನು ಮುಚ್ಚಿಕೊಂಡು ನಿಲ್ಲುತ್ತದೆ, ಅಲ್ಲಿ ಸಣ್ಣಪುಟ್ಟ ಚಕ್ಕೆ ಎದ್ದಿದ್ದರೂ ಕಾಣುವುದಿಲ್ಲ. ಮುಂದಿನ ಅಂಚಿನಲ್ಲಿ ಕಾಣುವ ಗ್ರೂವಿಗೆ ಬೀಡಿಂಗ್ ಬರುತ್ತದಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಂಟಿಸುವಾಗ ಗ್ರೂವಿನ ಮೂರೂ ಮೈಗೆ ತೆಳುವಾಗಿ ಬಳಿದು, ಶೆಲ್ಫಿನ ತುದಿಗೂ ಸವರಿ, ನಾಲ್ಕೂ ಶೆಲ್ಫ್ ಒಂದು ಸೈಡಿಗೆ ಕೂಡಿಸಿ, ಮೇಲಿಂದ ಇನ್ನೊಂದು ಸೈಡ್ ಇಳಿಸಿ. ಕ್ಲಾಂಪ್ ಬಿಗಿದ ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಸಮ ಬರುವವರೆಗೆ ಉದ್ದದ ಕರ್ಣವನ್ನು ಒತ್ತಿ. ಒಂದು ದಿನ ಹಾಗೇ ಬಿಡಿ.

ಕೆಟ್ಟ ಸೈಡಿನ ಮಾತು ಉಳಿಯಿತು. ಅಗಲ ಹೆಚ್ಚಾಗಿ, ನೆಟ್ಟಗೆ ಇರುವ ಗ್ರೂವುಗಳಿಗೆ ಉಪಾಯ ಇದೆ: ಮೇಲಿನ ಗೋಡೆಗೆ 1.6 ಎಂಎಂ ದಪ್ಪದ, 6 ಎಂಎಂ ಅಗಲದ ಸಾಗುವಾನಿ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಶೆಲ್ಫ್ ತುದಿ ಕೂಡಿಸಿ ನೋಡಿ. ಕೆಳಗಿನ ಗೋಡೆಗೆ ಏನೂ ಅಂಟಿಸಬೇಡಿ, ಶೆಲ್ಫ್ ಅಸಲಿ ಪ್ಲೈಯ ಮೇಲೇ ಕೂರಲಿ. ನಡುವೆ ಸೊಟ್ಟ ಬಂದದ್ದಕ್ಕೆ ಇದು ನಡೆಯುವುದಿಲ್ಲ. ಅದರ ಅತಿ ಅಗಲದ ಜಾಗಕ್ಕಿಂತ ತುಸು ಹೆಚ್ಚು ಅಗಲವಾಗಿ, ಅದೇ 6ರ ಆಳಕ್ಕೆ, ಗೈಡ್ ಕಟ್ಟಿ ನೇರ ಮಾಡಿ, ಅಳತೆಗೆ ಸರಿಯಾದ ಕಟ್ಟಿಗೆ ಪಟ್ಟಿಯನ್ನು ಅಂಟಿಸಿ ತುಂಬಿ. ಮೈ ಸಮ ಕೆತ್ತಿ, ಸನ್‌ಮೈಕಾ ಹಚ್ಚಿ, ಆಮೇಲೆ ಎರಡನೆಯ ಸೈಡಿನ ಜೊತೆ ಜೋಡಿಸಿಟ್ಟು ಹೊಸದಾಗಿ ಗ್ರೂವ್ ತೆಗೆಯಿರಿ. ಉಳಿದ ಮೂರು ಹಳೆಯ ಗ್ರೂವುಗಳ ಕೆಳಗೋಡೆ ಎಲ್ಲಿದೆಯೋ ಅಲ್ಲಿಂದಲೇ ಗೆರೆಯನ್ನು ಎರಡನೆಯ ಸೈಡಿಗೆ ದಾಟಿಸಿಕೊಳ್ಳಬೇಕು, ಟೇಪಿನಿಂದ ಹೊಸದಾಗಿ ಅಳೆಯಬೇಡಿ. ಹಳೆಯ ಗ್ರೂವುಗಳು ಗುಣ್ಯಾಕ್ಕೆ ಓರೆ ಇವೆ ಅಂತ ಕಂಡುಬಂದರೆ ಮಾತ್ರ ಈ ರಿಪೇರಿಗೆ ಕೈ ಹಾಕದೆ ಸೈಡ್ ಬದಲಿಸಿ. ಆ ಹಲಗೆ ಸ್ಕರ್ಟಿಂಗಿಗೋ ಡ್ರಾಯರಿಗೋ ಆಗುತ್ತದೆ.